ಕಡಲ ಬದಿಯ ಬಾವಿಗೆ ಆರ್‌ಓ ಯಂತ್ರ: ನಾಲ್ಕು ವರ್ಷಗಳ ಬಳಕೆಯ ನಂತರ

ನಿಮ್ಮ ಆರ್‌ಓ ಯಂತ್ರದಲ್ಲಿ ನೀರು ಸಣ್ಣಗೆ ಬರುತ್ತಿದೆ, ಜೊತೆಗೆ ಉಪ್ಪುಪ್ಪಾಗಿಯೂ ಇದೆ ಎಂದಾದರೆ, ಉಪ್ಪನ್ನು ತಡೆಯುವ ಪೊರೆಯಾದ ಮೆಂಬ್ರೇನ್ ಬದಲಿಸಲು ದುಡ್ಡು ಕೊಡುವ ಮೊದಲು ಒಳಗಿನ ಒತ್ತಡ ಎಷ್ಟಿದೆ ಎಂದು ಅಳೆಯಿಸಿ. ಈ ವಿಮರ್ಶೆ ಬರೆಯಲು ಅದೊಂದೇ ಕಾರಣ. ಯಂತ್ರದ ಬಣ್ಣ, ಟ್ಯಾಂಕಿನ ಅಳತೆ, ಎಷ್ಟು ಹಂತದ ಶುದ್ಧೀಕರಣ ಎಂಬುದೆಲ್ಲ ಪೆಟ್ಟಿಗೆಯ ಮೇಲೆಯೇ ಇದೆ. ನಮಗೆ ಪಾಠವಾದ ಸಂಗತಿ ಪೆಟ್ಟಿಗೆಯ ಮೇಲೆ ಇರಲಿಲ್ಲ.

ನಮ್ಮ ಮನೆ ಕುಂಬಳೆಯಲ್ಲಿ, ಕಡಲಿಗೆ ಹತ್ತಿರ. ಬಾವಿ ಬತ್ತುವುದಿಲ್ಲ. ಆದರೆ ಮಾರ್ಚ್ ಕಳೆಯುತ್ತಿದ್ದಂತೆ ಸಿಹಿನೀರು ತಗ್ಗಿ, ಆ ಜಾಗಕ್ಕೆ ಕಡಲ ಉಪ್ಪು ಬರುತ್ತದೆ. ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ಹೇಳುವ ಟಿಡಿಎಸ್ ಮೀಟರ್ ಇಟ್ಟರೆ ಮಳೆಗಾಲದಲ್ಲಿ ಇನ್ನೂರರ ಆಸುಪಾಸು ತೋರಿಸುವ ಅದೇ ಬಾವಿ, ಏಪ್ರಿಲ್ ಕೊನೆಗೆ 2200 ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500 ಒಳ್ಳೆಯ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ನಾವು ಅದನ್ನೂ ದಾಟಿದ್ದೇವೆ. ಹಾಗಾಗಿ ಆರ್‌ಓ ನಮ್ಮ ಮನೆಗೆ ಆಡಂಬರದ ವಸ್ತುವಲ್ಲ.

ಮೊದಲ ಎರಡು ಬೇಸಿಗೆ ಈ ಯಂತ್ರ ನಮ್ಮನ್ನು ನಿಜವಾಗಿಯೂ ಸುಖವಾಗಿಟ್ಟಿತು. ಬೆಳಿಗ್ಗೆ ಎದ್ದ ಕೂಡಲೇ ಸ್ಟೀಲಿನ ಕೊಡಪಾನವನ್ನು ನಲ್ಲಿಯ ಕೆಳಗಿಟ್ಟು ತುಂಬಿಸುವುದು, ಅದರಿಂದ ಮೊದಲು ಚಹಾಕ್ಕೆ, ಆಮೇಲೆ ಗಂಜಿಗೆ ನೀರು ತೆಗೆಯುವುದು ನನ್ನ ಕೆಲಸ. ಕುಚ್ಚಲಕ್ಕಿ ಗಂಜಿಗೆ ನೀರು ಎಂಥದ್ದೆಂದು ನಾಲಗೆಗೆ ಕೂಡಲೇ ತಿಳಿಯುತ್ತದೆ. ಅನ್ನದಷ್ಟೇ ತಿಳಿಯೂ ಬಟ್ಟಲಿನಲ್ಲಿರುತ್ತದೆಯಲ್ಲ. ನಮ್ಮ ಅತ್ತೆ ಗಂಜಿಗೆ ಉಪ್ಪನ್ನು ತಾವೇ ಹಾಕಿಕೊಳ್ಳುವವರು. ಮೂರನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಉಪ್ಪಿನ ಭರಣಿಯನ್ನು ಮುಟ್ಟದೆ ಉಂಡು, "ಇವತ್ತು ನೀನೇ ಉಪ್ಪು ಹಾಕಿದೆಯಾ?" ಎಂದು ಕೇಳಿದರು. ನಾನು ಹಾಕಿರಲಿಲ್ಲ.

ಅದೇ ವಾರ ಕೊಡಪಾನ ತುಂಬಲು ಮಧ್ಯಾಹ್ನದವರೆಗೆ ಕಾಯಬೇಕಾಯಿತು. ವಾರ್ಷಿಕ ನಿರ್ವಹಣೆಯ ಕರಾರು ಮಾಡಿಕೊಂಡಿದ್ದ ಸೇವಾ ಕೇಂದ್ರಕ್ಕೆ ಫೋನ್ ಮಾಡಿದೆವು. ಬಂದ ಹುಡುಗ ಲೋಟದ ನೀರಿಗೆ ಮೀಟರ್ ಅದ್ದಿ, "ಅಮ್ಮಾ, ಮೆಂಬ್ರೇನ್ ಹೋಗಿದೆ" ಎಂದ. ಕರಾರಿನಲ್ಲಿ ಮೆಂಬ್ರೇನ್ ಸೇರಿರಲಿಲ್ಲ, ₹2,400 ಕೊಟ್ಟೆವು. ಅವನು ಬಂದದ್ದು ಮೇ ಕೊನೆಗೆ. ಪತ್ತನಾಜೆ ಕಳೆದು ಮಳೆ ಹಿಡಿಯಿತು, ನೀರು ಸಿಹಿಯಾಯಿತು, ನಲ್ಲಿಯ ಧಾರೆಯೂ ದಪ್ಪವಾಯಿತು. ಹೊಸ ಮೆಂಬ್ರೇನಿನ ಗುಣ ಎಂದು ಮನೆಯವರೆಲ್ಲ ನಂಬಿದರು. ಮುಂದಿನ ಮಾರ್ಚಿನಲ್ಲಿ ಅದೇ ರೋಗ ಮರಳಿ ಬಂತು. ಅದೇ ಕೇಂದ್ರದಿಂದ ಅದೇ ಮಾತೂ ಬಂತು. ವರ್ಷವೂ ತುಂಬದ ಮೆಂಬ್ರೇನ್ ಹೇಗೆ ಹೋಯಿತು ಎಂದು ಕೇಳಿದರೆ "ನಿಮ್ಮ ನೀರೇ ಹಾಗೆ" ಎಂಬ ಉತ್ತರ. ನನಗೆ ಸಿಟ್ಟು ಬಂದದ್ದು ಯಂತ್ರದ ಮೇಲಲ್ಲ, ಆ ಉತ್ತರದ ಮೇಲೆ.

ಉಪ್ಪಳದ ಕಡೆ ಸ್ವಂತವಾಗಿ ಈ ಕೆಲಸ ಮಾಡುವ ಒಬ್ಬರನ್ನು ನೆರೆಯವರು ಹೇಳಿದರು. ಅವರು ಬಂದವರು ಮೊದಲು ಮೆಂಬ್ರೇನನ್ನು ಮುಟ್ಟಲೇ ಇಲ್ಲ. ಒಂದು ಲೀಟರಿನ ಬಾಟಲಿ ಕೇಳಿ, ಶುದ್ಧ ನೀರು ಟ್ಯಾಂಕಿಗೆ ಬೀಳುವ ಸಣ್ಣ ಕೊಳವೆಯನ್ನು ಕಳಚಿ ಬಾಟಲಿಗೆ ಬಿಟ್ಟು ಗಡಿಯಾರ ನೋಡಿದರು. ತುಂಬಲು 25 ನಿಮಿಷ. ಆಮೇಲೆ ಯಂತ್ರದೊಳಗಿನ ಟಿಡಿಎಸ್ ಹೊಂದಿಸುವ ತಿರುಪನ್ನು ನೋಡಿದರು. ಅದು ತೆರೆದಿದ್ದರೆ ಬಾವಿಯ ನೀರು ಒಂದಿಷ್ಟು ನೇರವಾಗಿ ಶುದ್ಧ ನೀರಿಗೆ ಬೆರೆಯುತ್ತದೆ. 2200ರ ನೀರು ಹತ್ತರಲ್ಲಿ ಒಂದು ಪಾಲು ಬೆರೆತರೂ ಲೋಟಕ್ಕೆ 220 ಸೇರಿತು. ಆದರೆ ಹಾಗೆ ಬೆರೆಯುವಾಗ ಧಾರೆ ಸಣ್ಣದಾಗುವುದಿಲ್ಲ. ನಮ್ಮದರಲ್ಲಿ ತಿರುಪು ಪೂರ್ತಿ ಮುಚ್ಚಿತ್ತು.

ಅಲ್ಲಿಂದ ಹೊರಗಿನ ಪ್ರೀ ಫಿಲ್ಟರಿಗೆ ಬಂದರು. ಡಬ್ಬಿ ಬಿಚ್ಚಿದಾಗ ಬಿಳಿಯಾಗಿರಬೇಕಾದ ನೂಲಿನ ಕ್ಯಾಂಡಲ್ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಕೆಂಪು ಮಣ್ಣು ನುಣ್ಣಗೆ ಬೆಣ್ಣೆಯಂತೆ ಎದ್ದು ಬಂತು. ಮುರಕಲ್ಲಿನ ಬಾವಿಯಲ್ಲಿ ನೀರು ತಳ ಹಿಡಿದಾಗ ಪಂಪು ಎತ್ತುವ ಕೆಸರು ಅದು. ನಮ್ಮ ನೀರಿನ ಟ್ಯಾಂಕ್ ತಾರಸಿಯ ಮೇಲೆ, ಅಡುಗೆಮನೆಯ ನಲ್ಲಿಗಿಂತ ಸುಮಾರು ಮೂರು ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಸಿಗುವ ಒತ್ತಡ ನಾಲ್ಕೈದು ಪಿಎಸ್‌ಐ ಮಾತ್ರ. ಮುಚ್ಚಿಹೋದ ಕ್ಯಾಂಡಲ್ ಅದನ್ನೂ ನುಂಗಿದರೆ ಒಳಗಿನ ಬೂಸ್ಟರ್ ಪಂಪಿಗೆ ಎಳೆಯಲು ನೀರೇ ಸಿಗುವುದಿಲ್ಲ. ಅದು ಬರಿದೇ ಗುರುಗುಟ್ಟಿ ತಿರುಗಿ ಸವೆಯುತ್ತದೆ. ಹೊಸ ಕ್ಯಾಂಡಲ್ ಹಾಕಿದ ಮೇಲೆ ಬಾಟಲಿ 20 ನಿಮಿಷಕ್ಕೆ ತುಂಬಿತು. ರುಚಿ ಬಹುಮಟ್ಟಿಗೆ ಹಾಗೆಯೇ ಇತ್ತು, ಮೀಟರಿನಲ್ಲಿ 480.

ಆಗ ಅವರು ಚೀಲದಿಂದ ಪ್ರೆಶರ್ ಗೇಜ್ ತೆಗೆದು, ಪಂಪಿಗೂ ಮೆಂಬ್ರೇನಿಗೂ ನಡುವಿನ ಕೊಳವೆಗೆ ಮೂರು ಬಾಯಿಯ ಟೀ ಜೋಡಣೆ ಹಾಕಿ ಕೂಡಿಸಿದರು. ಮುಳ್ಳು 50 ಪಿಎಸ್‌ಐ ತೋರಿಸಿತು. ಇಷ್ಟು ಉಪ್ಪಿನ ನೀರಿಗೆ ಎಂಬತ್ತರ ಮೇಲಿರಬೇಕು ಎಂದರು. ಮುಂದಿನ ಪರೀಕ್ಷೆಯನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಮೆಂಬ್ರೇನ್ ದಾಟದೆ ಉಳಿದ ಉಪ್ಪಿನ ಕೊಳೆ ನೀರು ಹೊರಹೋಗುವ ಕೊಳವೆಯನ್ನು ಕೆಲವೇ ಕ್ಷಣ ಮಡಚಿ ಹಿಡಿದರು. ನೀರಿಗೆ ಹೋಗಲು ದಾರಿ ಇಲ್ಲದಾಗ ಗಟ್ಟಿ ಇರುವ ಪಂಪಿನಲ್ಲಿ ಮುಳ್ಳು ನೂರನ್ನು ದಾಟಿ ಏರಬೇಕು. ಹಾಗೆ ಏರಿದರೆ ಪಂಪು ಸರಿ ಇದೆ, ಕೊಳೆ ನೀರಿನ ದಾರಿಯಲ್ಲಿರುವ ಫ್ಲೋ ರೆಸ್ಟ್ರಿಕ್ಟರ್ ನೀರನ್ನು ತಡೆಯದೆ ಸೋರಲು ಬಿಡುತ್ತಿದೆ ಎಂದರ್ಥ. ನಮ್ಮದು ಅರವತ್ತಕ್ಕೆ ಹೋಗಿ ನಿಂತಿತು. ಅಂದರೆ ಪಂಪಿನಲ್ಲೇ ಕಸುವಿಲ್ಲ. ಪಂಪಿಗೆ ಸಿಗುವ ಕರೆಂಟು ಕಡಿಮೆಯೇ ಎಂದು ಅಡಾಪ್ಟರನ್ನೂ ಯಂತ್ರ ಓಡುತ್ತಿರುವಾಗಲೇ ಅಳೆದರು. 24 ವೋಲ್ಟ್ ಸರಿಯಾಗಿ ಬರುತ್ತಿತ್ತು. ಹೊಸ ಪಂಪು, ಕೂಲಿ ಸೇರಿ ₹1,900 ಆಯಿತು. ಮುಳ್ಳು 85ಕ್ಕೆ ಏರಿತು. ಬಾಟಲಿ ಎಂಟು ನಿಮಿಷದೊಳಗೆ ತುಂಬಿತು. ಮೀಟರ್ 180 ತೋರಿಸಿತು. ಮೆಂಬ್ರೇನ್ ಮಾತ್ರ ಅದೇ, "ಹೋಗಿದೆ" ಎನಿಸಿಕೊಂಡದ್ದೇ.

ಒತ್ತಡಕ್ಕೂ ಉಪ್ಪಿಗೂ ಏನು ನಂಟು ಎಂದು ನಾನು ಕೇಳಿದೆ. ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ. ಮೆಂಬ್ರೇನಿನ ಮೂಲಕ ನೀರು ದಾಟುವುದು ಒತ್ತಡದ ಬಲದಿಂದ. ಉಪ್ಪು ಅಲ್ಪಸ್ವಲ್ಪ ದಾಟುವುದು ಒತ್ತಡದಿಂದಲ್ಲ. ಒಂದು ಬದಿ ಉಪ್ಪು ಹೆಚ್ಚು, ಇನ್ನೊಂದು ಬದಿ ಕಡಿಮೆ ಎಂಬ ಕಾರಣಕ್ಕೆ ಅದು ತನ್ನ ಪಾಡಿಗೆ ಜಿನುಗುತ್ತಿರುತ್ತದೆ. ಪಂಪು ಸೊರಗಿದರೆ ನೀರು ಕಡಿಮೆಯಾಗುತ್ತದೆ, ಜಿನುಗುವ ಉಪ್ಪು ಅಷ್ಟೇ ಇರುತ್ತದೆ. ಅದೇ ಉಪ್ಪು ಕಡಿಮೆ ನೀರಿನಲ್ಲಿ ಕರಗಿದರೆ ರುಚಿ ಏರಲೇಬೇಕು. ನಮ್ಮ ಲೆಕ್ಕವೇ ನೋಡಿ: ನೀರು ಗಂಟೆಗೆ ಮೂರು ಲೀಟರಿನಿಂದ ಎಂಟಕ್ಕೆ ಏರಿದಾಗ, ಟಿಡಿಎಸ್ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಇಳಿದಿದೆ.

ಇನ್ನೊಂದು ವಿಷಯವೂ ಇದೆ, ಮಳೆಗಾಲ ನಮ್ಮನ್ನು ನಂಬಿಸಿದ್ದು ಅದರಿಂದಲೇ. ಉಪ್ಪು ನೀರು ಪಂಪಿಗೆ ಎದುರಾಗಿ ತಾನೂ ಒತ್ತುತ್ತದೆ. ಟಿಡಿಎಸ್ ಸಾವಿರಕ್ಕೆ ಸುಮಾರು 11 ಪಿಎಸ್‌ಐಯಷ್ಟು. ಮೆಂಬ್ರೇನಿನೊಳಗೆ ಉಪ್ಪು ಇನ್ನೂ ಗಟ್ಟಿಯಾಗುವುದರಿಂದ, 2200ರ ನೀರಿಗೆ ಮೂವತ್ತರ ಹತ್ತಿರ ಒತ್ತಡ ಬರೀ ಎದುರಿಸುವುದಕ್ಕೇ ಬೇಕು. ಐವತ್ತರ ಪಂಪಿಗೆ ಉಳಿಯುವುದು ಇಪ್ಪತ್ತು, ಎಂಬತ್ತೈದರದಕ್ಕೆ ಐವತ್ತೈದು. ಜೂನ್‌ನಲ್ಲಿ ಬಾವಿ ಇನ್ನೂರಕ್ಕೆ ಇಳಿದಾಗ ಎದುರಿನ ಒತ್ತಡ ಎರಡು ಮೂರು ಮಾತ್ರ. ಸೊರಗಿದ ಪಂಪು ಕೂಡ ಆಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಮನೆಯ ನೀರನ್ನು ಆ ವರ್ಷ ಸರಿಮಾಡಿದ್ದು ಮಳೆ. ₹2,400 ಪಡೆದದ್ದು ಸೇವಾ ಕೇಂದ್ರ.

ಮೆಂಬ್ರೇನ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒತ್ತಡ ಸರಿಯಾಗಿದ್ದೂ ನೀರು ಸಣ್ಣಗೆ ಬಂದು ಟಿಡಿಎಸ್ ಕಡಿಮೆಯೇ ಇದ್ದರೆ ಮೆಂಬ್ರೇನ್ ಕಟ್ಟಿಕೊಂಡಿದೆ ಎನ್ನಬಹುದು. ಧಾರೆ ಜೋರಾಗಿದ್ದು ಉಪ್ಪೂ ಹೆಚ್ಚಿದ್ದರೆ, ತಿರುಪು ಮುಚ್ಚಿದೆ ಎಂದು ನೋಡಿಕೊಂಡ ಮೇಲೆ, ಮೆಂಬ್ರೇನ್ ಹರಿದಿರಬಹುದು, ಇಲ್ಲವೇ ಅದರ ರಬ್ಬರ್ ಬಳೆ ಜಾರಿರಬಹುದು. ಸಣ್ಣ ಧಾರೆ ಮತ್ತು ಉಪ್ಪು ಎರಡೂ ಒಟ್ಟಿಗೆ ಬಂದಾಗ ಮೊದಲ ಅನುಮಾನ ಒತ್ತಡದ ಮೇಲೆ ಇರಲಿ. ರಾತ್ರಿಯೆಲ್ಲ ಯಂತ್ರ ನಿಂತಿದ್ದು ಬೆಳಿಗ್ಗೆ ಮೊದಲು ಬರುವ ನೀರನ್ನು ಮೀಟರಿಗೆ ಕೊಡಬೇಡಿ. ಪಂಪು ನಿಂತಿರುವಾಗಲೂ ಉಪ್ಪು ಜಿನುಗಿರುತ್ತದೆ. ಯಂತ್ರ ಹತ್ತು ನಿಮಿಷ ಓಡಿದ ಮೇಲೆ ಅಳೆದರೆ ಮಾತ್ರ ಲೆಕ್ಕ ಸರಿ.

ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಈಗ ಮೆತ್ತಗಾಗಿದೆ. ಪ್ರತಿಯೊಂದು ಭಾಗವೂ ಸಾಮಾನ್ಯ ಅಳತೆಯದ್ದು, ಯಾವ ಅಂಗಡಿಯಲ್ಲೂ ಸಿಗುತ್ತದೆ, ಮುಚ್ಚಳ ಎರಡು ತಿರುಪಿಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಐದರಲ್ಲಿ ನಾಲ್ಕು ಅಂಕ. ನಿರ್ವಹಣೆಯ ಕರಾರಿಗೆ ಒಂದು ಅಂಕವನ್ನೂ ಕೊಡಲಾರೆ. ಮನೆಗೆ ಬಂದ ಸೇವಾ ಕೇಂದ್ರದವರ ಯಾರ ಚೀಲದಲ್ಲೂ ಗೇಜ್ ಇರಲಿಲ್ಲ. ಕರಾರನ್ನು ನವೀಕರಿಸಲಿಲ್ಲ, ಆ ದುಡ್ಡಿನಲ್ಲಿ ವರ್ಷವಿಡೀ ಕ್ಯಾಂಡಲ್ ಬದಲಿಸಿಯೂ ಮಿಗುತ್ತದೆ. ಮಳೆಗಾಲದಲ್ಲಿ ಕ್ಯಾಂಡಲ್ ಮೂರು ತಿಂಗಳು ಬರುತ್ತದೆ. ಏಪ್ರಿಲ್, ಮೇಯಲ್ಲಿ ತಿಂಗಳಿಗೊಮ್ಮೆ ಡಬ್ಬಿ ಬಿಚ್ಚಿ ಬಣ್ಣ ನೋಡುತ್ತೇನೆ.

ಕೊಳೆ ನೀರಿನ ಟಿಡಿಎಸ್ ಬೇಸಿಗೆಯಲ್ಲಿ ಮೂರು ಸಾವಿರದ ಹತ್ತಿರ ಇರುತ್ತದೆ. ಆ ನೀರನ್ನು ತೆಂಗಿನ ಬುಡಕ್ಕೂ ಅಂಗಳ ತೊಳೆಯಲೂ ಬಳಸುತ್ತೇವೆ, ಮಲ್ಲಿಗೆಗೆ ಹಾಕುವುದಿಲ್ಲ. ಮಳೆ ತಡವಾಗಿ ಬಾವಿಯೇ ಮೂರು ಸಾವಿರ ದಾಟಿದರೆ, ಎಷ್ಟೇ ಗಟ್ಟಿ ಪಂಪಿದ್ದರೂ ಈ ಗಾತ್ರದ ಮನೆಯ ಯಂತ್ರಕ್ಕೆ ಅದು ಹೆಚ್ಚಾಯಿತು. ಅಂಥ ವಾರಗಳಲ್ಲಿ ಗಂಜಿಗೂ ಕುಡಿಯಲೂ ಬೇಕಾದಷ್ಟು ನೀರನ್ನು ಒಳನಾಡಿನಲ್ಲಿರುವ ನೆಂಟರ ಬಾವಿಯಿಂದ ಕ್ಯಾನಿನಲ್ಲಿ ತರುತ್ತೇವೆ. ಅದು ಬಾವಿಯ ನೀರೇ ಆದ್ದರಿಂದ ಕುದಿಸಿ ಕುಡಿಯುತ್ತೇವೆ.