ಫೆಸ್ಟಿನ ವೆಂಡರುಗಳ ಬೆನ್ನು ಹತ್ತಲು ಯಾವುದು ಒಳ್ಳೆಯದು: ಚಂದಾ ಆ್ಯಪ್, ವಾಟ್ಸಾಪ್ ಗುಂಪು, ಗೂಗಲ್ ಶೀಟ್

ಕಾಸರಗೋಡಿನ ಕಾಲೇಜೊಂದರ ಫೆಸ್ಟಿಗೆ ಇಂಟರ್ನ್ ಆಗಿ ದುಡಿದಾಗ ನನ್ನ ಪಾಲಿಗೆ ಬಂದದ್ದು ವೇದಿಕೆ, ಧ್ವನಿವರ್ಧಕ, ಜನರೇಟರು, ಊಟ ಮತ್ತು ಬ್ಯಾನರುಗಳನ್ನು ಒದಗಿಸುವವರನ್ನು ಫೆಸ್ಟಿನ ದಿನದವರೆಗೂ ಬಿಡದೆ ವಿಚಾರಿಸುತ್ತಿರುವ ಕೆಲಸ. ಅದಕ್ಕಾಗಿ ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ. ಗೂಗಲ್ ಶೀಟೇ ನನ್ನ ಆಯ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನನ್ನು ಹೆಚ್ಚು ಸತಾಯಿಸಿದ್ದೂ ಅದೇ ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯಬೇಕಾಗಿದೆ.

ಕಾರ್ಯಕ್ರಮ ನಿರ್ವಹಣೆಗೆಂದೇ ಮಾಡಿದ ಆ್ಯಪೊಂದಕ್ಕೆ ಸಮಿತಿಯವರು ತಿಂಗಳ ಚಂದಾ ಕಟ್ಟಿದ್ದರು. ನೋಡಲು ಅಂದವಾಗಿತ್ತು. ಆದರೆ ಪ್ರತಿಯೊಬ್ಬ ವೆಂಡರೂ ಲಾಗಿನ್ ಆಗಿ ತನ್ನ ಕೆಲಸದ ಸ್ಥಿತಿಯನ್ನು ತಾನೇ ತುಂಬಬೇಕೆಂಬುದು ಅದರ ಲೆಕ್ಕಾಚಾರ. ದಿನವಿಡೀ ಲಾರಿಯಿಂದ ಚಪ್ಪರದ ಕಂಬ ಇಳಿಸುವವರು ಅದನ್ನು ಮಾಡುತ್ತಾರೆಂದು ನಂಬುವುದು ಕಷ್ಟ, ಯಾರೂ ಮಾಡಲೂ ಇಲ್ಲ. ಕೊನೆಗೆ ಎಲ್ಲವನ್ನೂ ನಾವೇ ತುಂಬುವುದಾದರೆ ಅದಕ್ಕೆ ದುಡ್ಡು ಯಾಕೆ ಕೊಡಬೇಕು?

ವಾಟ್ಸಾಪ್ ಗುಂಪಿನಲ್ಲಿ ವೆಂಡರುಗಳು ನಿಜವಾಗಿಯೂ ಇರುತ್ತಾರೆ, ಅದು ಅದರ ದೊಡ್ಡ ಗುಣ. ನಮ್ಮಲ್ಲಿ ಒಬ್ಬರು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು ಮಲಯಾಳದಲ್ಲಿ ಧ್ವನಿ ಸಂದೇಶ ಕಳುಹಿಸುತ್ತಾರೆ, ಮತ್ತೊಬ್ಬರು ತುಳುವಿನಲ್ಲಿ ಫೋನು ಮಾಡುತ್ತಾರೆ. ಮಾತುಕತೆಗೆ ಇದರಿಂದ ತೊಂದರೆಯಿಲ್ಲ, ಹುಡುಕಾಟಕ್ಕೆ ಮಾತ್ರ ತೊಂದರೆ. ಧ್ವನಿ ಸಂದೇಶದಲ್ಲಿ ಒಪ್ಪಿದ ದರವನ್ನು ಹತ್ತು ದಿನಗಳ ಬಳಿಕ ಹುಡುಕಿ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಮೂರು ಬಾರಿ ತಿದ್ದಿದ ಕೊಟೇಶನ್ನುಗಳಲ್ಲಿ ಕೊನೆಯದು ಯಾವುದೆಂದು ತಿಳಿಯಲು ಗುಂಪನ್ನೆಲ್ಲ ಮೇಲಿನಿಂದ ಕೆಳಗೆ ಓದಬೇಕು. ಅದಕ್ಕಿಂತ ಮುಖ್ಯವಾಗಿ, ಯಾರು ಏನನ್ನು ಹೇಳಿಲ್ಲ ಎಂಬುದನ್ನು ಗುಂಪು ತೋರಿಸುವುದಿಲ್ಲ.

ನಮ್ಮ ಜನರೇಟರಿನ ವಿಷಯದಲ್ಲಿ ಆದದ್ದು ಅದೇ. ಮಂಗಳೂರಿನ ಕಡೆಯಿಂದ ಬರಲಿದ್ದ ಧ್ವನಿವರ್ಧಕದವರು, ವೇದಿಕೆಯ ಬುಡಕ್ಕೆ ತ್ರೀ ಫೇಸ್ ವಿದ್ಯುತ್ತು ಬಂದಿರುತ್ತದೆ ಎಂದುಕೊಂಡಿದ್ದರು. ಉಪ್ಪಳದ ಕಡೆಯ ಜನರೇಟರಿನವರು, ವಾಹನವನ್ನು ಕಾಲೇಜಿನ ಗೇಟಿನ ಬಳಿ ನಿಲ್ಲಿಸಿ ಸ್ವಿಚ್ಚು ಹಾಕಿಕೊಟ್ಟರೆ ತಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದರು. ಗೇಟಿನಿಂದ ವೇದಿಕೆಯವರೆಗಿನ ದಪ್ಪ ಕೇಬಲ್ಲು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ. ಗುಂಪಿನಲ್ಲಿ ಇಬ್ಬರೂ "ಆಯಿತು" ಎಂದು ಬರೆದಿದ್ದರು, ಇಬ್ಬರ ಮಾತೂ ಸುಳ್ಳಾಗಿರಲಿಲ್ಲ.

ಶೀಟಿನಲ್ಲಿ ಇದು ಸಿಕ್ಕಿಬಿದ್ದದ್ದು ಒಂದು ಕಾಲಮ್ಮಿನ ದೆಸೆಯಿಂದ. ಕೆಲಸ, ಹೆಸರು, ಫೋನು, ಒಪ್ಪಿದ ಮೊತ್ತ, ಮುಂಗಡ ಎಂಬ ಕಾಲಮ್ಮುಗಳನ್ನು ಎಲ್ಲರೂ ಮಾಡುತ್ತಾರೆ. ಅವುಗಳ ನಂತರ "ಇದರಲ್ಲಿ ಸೇರಿಲ್ಲದ್ದು" ಎಂಬ ಕಾಲಮ್ಮನ್ನು ಹಾಕಿ, ಪ್ರತಿ ವೆಂಡರಿಗೂ ಫೋನು ಮಾಡಿ ಅದನ್ನು ತುಂಬಿಸಿಕೊಳ್ಳಬೇಕು. ಜನರೇಟರಿನವರಿಗೆ ಈ ಪ್ರಶ್ನೆ ಹಾಕಿದ ಕೂಡಲೇ, "ಡೀಸೆಲು ನಿಮ್ಮದೇ ಅಲ್ವಾ ಮಾರಾಯ್ರೆ, ಕೇಬಲ್ಲು ಸೌಂಡಿನವರು ತರ್ತಾರಲ್ಲ" ಎಂದರು. ಅದೇ ಪ್ರಶ್ನೆಗೆ ಧ್ವನಿವರ್ಧಕದವರು ಕೊಟ್ಟ ಉತ್ತರವನ್ನು ಕೆಳಗಿನ ಸಾಲಿನಲ್ಲಿ ಬರೆದಾಗ ನಡುವಿನ ಕಂದಕ ಕಣ್ಣಿಗೆ ಬಿತ್ತು. ಬ್ಯಾನರಿನವರ ಸಾಲಿನಲ್ಲಿಯೂ ಇದೇ ಕಾಲಮ್ಮು ನೆರವಾಯಿತು: ಗಡಿಯಾಚೆ ಅಗ್ಗಕ್ಕೆ ಸಿಗುವ ಪಿವಿಸಿ ಫ್ಲೆಕ್ಸನ್ನು ಕೇರಳದಲ್ಲಿ 2019ರಿಂದ ನಿಷೇಧಿಸಿರುವುದರಿಂದ, ಬಟ್ಟೆಯ ಬ್ಯಾನರಿಗೆ ಆಗುವ ಹೆಚ್ಚುವರಿ ದರವನ್ನು ಮೊದಲೇ ಬರೆಸಿಕೊಂಡೆವು.

ಇನ್ನು ಶೀಟಿನ ಕಿರಿಕಿರಿ. ಕೊನೆಯ ಎರಡು ಕಾಲಮ್ಮುಗಳು "ಮುಂದಿನ ಕರೆ" ಮತ್ತು "ಸ್ಥಿತಿ". ಕರೆಯ ದಿನಾಂಕ ಬಂದರೂ ಕೆಲಸ ಮುಗಿಯದಿದ್ದರೆ ಸಾಲು ಪೂರ್ತಿ ಕೆಂಪಾಗಲಿ ಎಂದು Format ಮೆನುವಿನ Conditional formatting ಎಂಬಲ್ಲಿ Custom formula is ಆರಿಸಿ ಈ ಸೂತ್ರವನ್ನು ಹಾಕಿದ್ದೆವು. G ಎಂಬುದು ದಿನಾಂಕದ ಕಾಲಮ್ಮು, H ಸ್ಥಿತಿಯದು.

```
=AND($G2<>"",$G2<=TODAY(),$H2<>"ಮುಗಿದಿದೆ")
```

ಸೂತ್ರ ಸರಿಯಾಗಿಯೇ ಇದೆ. ಆದರೂ ಫೆಬ್ರವರಿಯಲ್ಲಿ ಒಂದು ಸಾಲೂ ಕೆಂಪಾಗಲಿಲ್ಲ, ಎಲ್ಲರೂ ನೆಮ್ಮದಿಯಿಂದಿದ್ದರು. ಕಾರಣ ಇಷ್ಟೆ: ಅಮೆರಿಕದ ಇಂಗ್ಲಿಷನ್ನು ಇಟ್ಟುಕೊಂಡ ಖಾತೆಯಿಂದ ಹೊಸದಾಗಿ ಮಾಡಿದ ಶೀಟು ದಿನಾಂಕದಲ್ಲಿ ಮೊದಲು ತಿಂಗಳನ್ನು ಓದುತ್ತದೆ. ನಾವು ಫೆಬ್ರವರಿ ಐದು ಎಂದು 05/02 ಬರೆದರೆ ಅದು ಮೇ ಎರಡು ಎಂದು ತಿಳಿದುಕೊಂಡು ಮೇ ತಿಂಗಳವರೆಗೂ ಸುಮ್ಮನಿರುತ್ತದೆ. 15/02 ಎಂದು ಬರೆದರೆ ಹದಿನೈದನೆಯ ತಿಂಗಳೆಂಬುದು ಇಲ್ಲದ ಕಾರಣ ಅದನ್ನು ಬರಿಯ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಶೀಟಿನ ಹೋಲಿಕೆಯಲ್ಲಿ ಅಕ್ಷರವು ಯಾವಾಗಲೂ ಸಂಖ್ಯೆಗಿಂತ ದೊಡ್ಡದಾದ್ದರಿಂದ ಆ ಸಾಲು ಎಂದೆಂದಿಗೂ ಕೆಂಪಾಗುವುದಿಲ್ಲ. ದೋಷವನ್ನು ತೋರಿಸುವ ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ ಎಂಬುದೇ ನನಗೆ ಅತ್ಯಂತ ಸಿಟ್ಟು ತರಿಸಿದ ಸಂಗತಿ.

ಪತ್ತೆಹಚ್ಚಲು ಒಂದು ಸುಲಭ ಗುರುತಿದೆ. ನೀವಾಗಿ ಜೋಡಣೆಯನ್ನು ಬದಲಿಸದಿದ್ದರೆ, ದಿನಾಂಕವೆಂದು ಒಪ್ಪಿಕೊಂಡದ್ದು ಕೋಶದ ಬಲಕ್ಕೆ ನಿಲ್ಲುತ್ತದೆ, ಅಕ್ಷರವೆಂದು ಇಟ್ಟುಕೊಂಡದ್ದು ಎಡಕ್ಕೆ. ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕಗಳು ಎಡಕ್ಕೂ ಕೆಲವು ಬಲಕ್ಕೂ ಇದ್ದರೆ ಸಂಶಯಪಡಬೇಕು. File ಮೆನುವಿನ Settings ಒಳಗೆ Locale ಎಂಬುದನ್ನು India ಎಂದು ಬದಲಿಸಿದರೆ ಮುಂದೆ ಬರೆಯುವುದೆಲ್ಲ ಸರಿಯಾಗುತ್ತದೆ. ಆದರೆ ಆಗಲೇ ತಪ್ಪಾಗಿ ಕುಳಿತವು ತಾವಾಗಿ ತಿದ್ದಿಕೊಳ್ಳುವುದಿಲ್ಲ, ಅವನ್ನು ಮತ್ತೆ ಬರೆಯಲೇಬೇಕು. ಬಳಿಕ Data ಮೆನುವಿನ Data validation ಮೂಲಕ ಆ ಕಾಲಮ್ಮಿಗೆ ದಿನಾಂಕವನ್ನು ಬಿಟ್ಟು ಬೇರೇನೂ ಹೋಗದಂತೆ ತಡೆ ಹಾಕಿದರೆ, "ಮುಂದಿನ ವಾರ" ಎಂದು ಬರೆಯುವ ಸಹಪಾಠಿಗಳ ಅಭ್ಯಾಸವೂ ನಿಲ್ಲುತ್ತದೆ.

ಇನ್ನೊಂದು ಸಣ್ಣ ದೂರು: ಒಬ್ಬರು ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಸಾಲುಗಳು ಮಾಯವಾಗುತ್ತವೆ. ತಮಗಷ್ಟೇ ಬೇಕಾದವರು Filter view ಬಳಸಬೇಕು.

ಕೆಂಪು ಸಾಲು ಕಂಡಾಗ ಫೋನಿನಲ್ಲಿ ಏನು ಕೇಳುತ್ತೇವೆ ಎಂಬುದಂತೂ ಯಾವ ಸಾಧನವಿದ್ದರೂ ನಮ್ಮ ಕೈಯಲ್ಲೇ ಇದೆ. "ಎಲ್ಲ ಸರಿ ಉಂಟಲ್ಲ" ಎಂದು ಕೇಳಿದರೆ ಸರಿ ಉಂಟು ಎಂಬ ಉತ್ತರವೇ ಬರುತ್ತದೆ. ವಾಹನ ಎಷ್ಟು ಗಂಟೆಗೆ ಹೊರಡುತ್ತದೆ, ಜೊತೆಗೆ ಬರುವವರು ಯಾರು, ಅವರ ನಂಬರು ಏನು ಎಂದು ಕೇಳಿದಾಗ ಚಾಲಕನ ನಂಬರು ಸಿಗದಿದ್ದರೆ, ಆ ವಾಹನಕ್ಕೆ ಇನ್ನೂ ಆಳನ್ನು ಗೊತ್ತುಮಾಡಿಲ್ಲವೆಂದೇ ನಾನು ತಿಳಿಯುತ್ತೇನೆ. ಗಡಿಯಲ್ಲಿರುವ ತಲಪಾಡಿ ದಾಟಿ ಬರುವ ಸಾಮಾನಿನ ಮೌಲ್ಯ 50,000 ರೂಪಾಯಿಗಿಂತ ಹೆಚ್ಚಿದ್ದರೆ ಇ-ವೇ ಬಿಲ್ ಬೇಕಾಗುವುದರಿಂದ ಅದು ಸಿದ್ಧವಿದೆಯೇ ಎಂಬುದನ್ನೂ ಹಿಂದಿನ ಸಂಜೆಯೇ ಕೇಳಬೇಕು.

ದುಡ್ಡು ಕೊಡಬೇಕಾಗಿಲ್ಲ, ಕಾಲೇಜಿನ ಕಂಪ್ಯೂಟರಿನಲ್ಲೂ ನನ್ನ ಹಳೆಯ ಫೋನಿನಲ್ಲೂ ತೆರೆಯುತ್ತದೆ, ಬೆಳಗ್ಗೆ ಬಸ್ಸಿನಲ್ಲಿ ಕುಳಿತು ಕೆಂಪು ಸಾಲುಗಳನ್ನು ನೋಡಿಕೊಳ್ಳುವುದು ನನಗೆ ರೂಢಿಯಾಗಿದೆ. ಹಾಗಾಗಿ ನನಗೆ ಶೀಟೇ ಸಾಕು. ನಾಲ್ಕೈದು ವೆಂಡರುಗಳಷ್ಟೇ ಇರುವ ಅರ್ಧ ದಿನದ ಕಾರ್ಯಾಗಾರಕ್ಕಾದರೆ ಗೆರೆ ಹಾಕಿದ ನೋಟ್‌ಬುಕ್ಕೂ ಆದೀತು, "ಸೇರಿಲ್ಲದ್ದು" ಎಂಬ ಕಾಲಮ್ಮನ್ನು ಮಾತ್ರ ಅದರಲ್ಲೂ ಬಿಡಬಾರದು. ವಾಟ್ಸಾಪನ್ನು ನಾನು ಪೂರ್ತಿ ಬಿಟ್ಟಿಲ್ಲ. ಫೋನಿನಲ್ಲಿ ಒಪ್ಪಿದ್ದನ್ನು ಎರಡು ಸಾಲಿನಲ್ಲಿ ಬರೆದು ವೆಂಡರಿಗೆ ಪ್ರತ್ಯೇಕವಾಗಿ ಕಳುಹಿಸಿ, ಉತ್ತರ ಬಂದ ಮೇಲಷ್ಟೇ ಶೀಟಿನಲ್ಲಿ ಮುಂದಿನ ಕರೆಯ ದಿನಾಂಕವನ್ನು ಬದಲಿಸುತ್ತೇನೆ.