ಒಬ್ಬನಿಗೆ ಅಡುಗೆಯೋ, ಆರ್ಡರೋ: ಬೆಂಗಳೂರಿನ ಒಂಟಿ ಮನೆಯೊಂದರ ಎರಡು ತಿಂಗಳ ಲೆಕ್ಕ

ಬೆಂಗಳೂರಿನಲ್ಲಿ ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವವರ ನಡುವೆ ಊಟದ ಖರ್ಚಿನ ಮಾತು ಬಂದಾಗ ಎರಡು ವಾದಗಳು ಕೇಳಿಬರುತ್ತವೆ. ಮನೆಯಲ್ಲಿ ಮಾಡಿಕೊಂಡರೆ ಅರ್ಧಕ್ಕರ್ಧ ಉಳಿತಾಯ ಎಂಬುದು ಒಂದು. ಒಬ್ಬನಿಗೆ ಅಡುಗೆ ಮಾಡುವಾಗ ಹಾಳಾಗುವ ತರಕಾರಿ, ಗ್ಯಾಸು, ಸಮಯ ಎಲ್ಲ ಸೇರಿಸಿದರೆ ಆರ್ಡರ್ ಮಾಡುವುದೇ ಮೇಲು ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷಿಸಲೆಂದು ನಾನು ಒಂದು ತಿಂಗಳು ಸಾಧ್ಯವಾದಷ್ಟೂ ಮನೆಯಲ್ಲೇ ಅಡುಗೆ ಮಾಡಿದೆ, ಮರು ತಿಂಗಳು ಪೂರ್ತಿಯಾಗಿ ಆ್ಯಪ್ ಮೂಲಕ ತರಿಸಿಕೊಂಡೆ, ಎರಡರ ಲೆಕ್ಕವನ್ನೂ ಬರೆದಿಟ್ಟೆ. ಕೆಲಸದ ದಿನಗಳ ಮಧ್ಯಾಹ್ನದ ಊಟ ಎರಡೂ ತಿಂಗಳು ಕಚೇರಿಯ ಕ್ಯಾಂಟೀನಿನಲ್ಲೇ ಆದದ್ದರಿಂದ ಅದನ್ನು ಬಿಟ್ಟಿದ್ದೇನೆ. ಕಾಫಿ, ಅದರ ಹಾಲು ಮತ್ತು ಹಣ್ಣಿನ ಖರ್ಚು ಕೂಡ ಎರಡೂ ಕಡೆ ಒಂದೇ ಆದ್ದರಿಂದ ಸೇರಿಸಿಲ್ಲ. ಹೋಲಿಕೆ ಇರುವುದು ಬೆಳಗಿನ ತಿಂಡಿ, ರಾತ್ರಿಯ ಊಟ ಮತ್ತು ವಾರಾಂತ್ಯದ ಮಧ್ಯಾಹ್ನದ ಊಟಗಳ ನಡುವೆ ಮಾತ್ರ.

ಮೊದಲು ಮನೆಯ ಅಡುಗೆಯ ತಿಂಗಳು. ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ ಮತ್ತು ಹೆಸರುಬೇಳೆ, ರವೆ, ಅವಲಕ್ಕಿ, ಎಣ್ಣೆ, ಸಾರಿನ ಪುಡಿ ಮುಂತಾದ ದಿನಸಿಗೆ ಸುಮಾರು 1,080 ರೂಪಾಯಿ ಆಯಿತು. ದೋಸೆ ಹಿಟ್ಟನ್ನು ರುಬ್ಬುವ ಗೋಜಿಗೆ ಹೋಗದೆ ವಾರಕ್ಕೊಂದು ಕಿಲೋ ಪ್ಯಾಕೆಟ್ ತಂದದ್ದಕ್ಕೆ 360, ತರಕಾರಿ, ಸೊಪ್ಪು ಮತ್ತು ತೆಂಗಿನಕಾಯಿಗೆ 1,200, ಮೊಸರು ಮತ್ತು ಮೊಟ್ಟೆಗೆ 510. ಗ್ಯಾಸಿನ ಲೆಕ್ಕವನ್ನು ಹಲವರು ಮರೆಯುತ್ತಾರೆ. 14.2 ಕಿಲೋ ಸಿಲಿಂಡರ್ ನನಗೆ ಮೂರು ತಿಂಗಳು ದಾಟಿ ಬರುತ್ತದೆಯಾದ್ದರಿಂದ ತಿಂಗಳ ಪಾಲು 250 ರೂಪಾಯಿ ಎಂದು ಹಿಡಿದಿದ್ದೇನೆ. ಒಟ್ಟು 3,400. ಆದರೆ ಮನೆಯ ಅಡುಗೆಯ ನಿಜವಾದ ಬೆಲೆ ಇಷ್ಟಕ್ಕೇ ನಿಲ್ಲುವುದಿಲ್ಲ. ಕಚೇರಿಯಿಂದ ತಡವಾಗಿ ಬಂದ ಕೆಲವು ರಾತ್ರಿ ತರಕಾರಿ ಹೆಚ್ಚುವ ಶಕ್ತಿಯಿಲ್ಲದೆ ಆ ತಿಂಗಳೂ ಆರ್ಡರ್ ಮಾಡಬೇಕಾಯಿತು, ಅದಕ್ಕೆ ಸುಮಾರು 1,150 ರೂಪಾಯಿ ಹೋಯಿತು. ಅಡುಗೆಯ ತಿಂಗಳಿನ ಪ್ರಾಮಾಣಿಕ ಮೊತ್ತ ಎಂದರೆ 4,550. ಅಡುಗೆ ಮಾಡುವವನೂ ತಿಂಗಳಲ್ಲಿ ಕೆಲವು ಸಲ ಹೊರಗಿನಿಂದ ತರಿಸುತ್ತಾನೆ ಎಂಬುದನ್ನು ಸೇರಿಸದ ಲೆಕ್ಕವನ್ನು ನಾನು ನಂಬುವುದಿಲ್ಲ.

ತರಿಸಿಕೊಂಡ ತಿಂಗಳು ಒಟ್ಟು ಸುಮಾರು 12,000 ರೂಪಾಯಿ ಆಯಿತು. ತಿಂಡಿಗೆ ಸರಾಸರಿ 130, ರಾತ್ರಿಯ ಊಟಕ್ಕೆ 220, ವಾರಾಂತ್ಯದ ಮಧ್ಯಾಹ್ನಕ್ಕೆ 260. ಕೆಲವು ಬೆಳಿಗ್ಗೆ ಬಾಳೆಹಣ್ಣು ತಿಂದು ಹೊರಟದ್ದರಿಂದ ಇಷ್ಟಕ್ಕೆ ನಿಂತಿತು. ದುಬಾರಿ ಹೋಟೆಲುಗಳಿಂದ ತರಿಸಿದ್ದಲ್ಲ. ಬಹುಪಾಲು ನಮ್ಮ ಬಡಾವಣೆಯ ದರ್ಶಿನಿಗಳದ್ದೇ ಊಟ.

ಈ ಮೊತ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದೇ ಬಿಲ್ ಬಿಡಿಸಿ ನೋಡಿದರೆ ತಿಳಿಯುತ್ತದೆ. ಒಂದು ರಾತ್ರಿ ಎರಡು ಚಪಾತಿ-ಸಾಗು ಮತ್ತು ಒಂದು ಮೊಸರನ್ನ ತರಿಸಿದೆ. ಅದೇ ದರ್ಶಿನಿಯ ಕೌಂಟರಿನಲ್ಲಿ ಇವುಗಳ ಬೆಲೆ 70 ಮತ್ತು 60, ಒಟ್ಟು 130 ರೂಪಾಯಿ. ಆ್ಯಪಿನಲ್ಲಿ ಅವೇ ತಿನಿಸುಗಳು 90 ಮತ್ತು 75 ಎಂದಿದ್ದವು. ಹೋಟೆಲಿನವರು ಆ್ಯಪಿಗೆ ಕೊಡಬೇಕಾದ ಕಮಿಷನನ್ನು ಬೆಲೆಯಲ್ಲೇ ಸೇರಿಸಿಕೊಳ್ಳುವುದರಿಂದ ಈ ವ್ಯತ್ಯಾಸ ಬರುತ್ತದೆ. ಹೀಗೆ 165 ಆದ ಮೇಲೆ ಪ್ಯಾಕಿಂಗಿಗೆ 15, ಇವೆರಡರ ಮೇಲೆ ಶೇಕಡಾ 5ರ ಜಿಎಸ್‌ಟಿ 9, ತಂದುಕೊಡುವ ಶುಲ್ಕ 30, ಆ ಶುಲ್ಕದ ಮೇಲಿನ ಶೇಕಡಾ 18ರ ತೆರಿಗೆ 5, ಪ್ಲಾಟ್‌ಫಾರ್ಮ್ ಶುಲ್ಕ ಸುಮಾರು 15 ಸೇರಿ 239 ರೂಪಾಯಿಗೆ ಬಂದು ನಿಂತಿತು. ಪ್ಲಾಟ್‌ಫಾರ್ಮ್ ಶುಲ್ಕ ಎಂಬುದು 2023ರಲ್ಲಿ ಒಂದು ಆರ್ಡರಿಗೆ 2 ರೂಪಾಯಿಯಿಂದ ಶುರುವಾದದ್ದು, ಕೆಲವೇ ವರ್ಷಗಳಲ್ಲಿ 10 ರೂಪಾಯಿ ದಾಟಿತು.

ಒಂಟಿಯಾಗಿರುವವನು ಗಮನಿಸಬೇಕಾದದ್ದು ಈ ಬಿಲ್ಲಿನಲ್ಲಿರುವ ಶುಲ್ಕಗಳ ಸ್ವಭಾವವನ್ನು. ತಂದುಕೊಡುವ ಶುಲ್ಕವಾಗಲಿ ಪ್ಲಾಟ್‌ಫಾರ್ಮ್ ಶುಲ್ಕವಾಗಲಿ ಊಟಕ್ಕೆ ಇಷ್ಟು ಎಂದು ಬೀಳುವುದಿಲ್ಲ, ಆರ್ಡರಿಗೆ ಇಷ್ಟು ಎಂದು ಬೀಳುತ್ತದೆ. ನಾಲ್ವರು ಒಟ್ಟಿಗೆ ತರಿಸಿದಾಗ ತಲೆಗೆ ಹತ್ತು-ಹನ್ನೆರಡು ರೂಪಾಯಿಯಾಗಿ ಹಂಚಿಹೋಗುವ ಹೊರೆಯನ್ನು ಇಲ್ಲಿ ಒಬ್ಬನೇ ಹೊರುತ್ತಾನೆ. ಚಂದಾ ಕಟ್ಟಿ ಸದಸ್ಯನಾದರೆ ತಂದುಕೊಡುವ ಶುಲ್ಕ ಹೋಗುತ್ತದೆ ನಿಜ, ಆದರೆ ಆ ಸವಲತ್ತಿಗೆ ಸಾಮಾನ್ಯವಾಗಿ 200 ರೂಪಾಯಿ ಆಸುಪಾಸಿನ ಕನಿಷ್ಠ ಮೊತ್ತ ಇರುತ್ತದೆ, ದರ್ಶಿನಿಯಲ್ಲಿ ಒಬ್ಬನ ಊಟ ಅಷ್ಟಾಗುವುದಿಲ್ಲ. ಆ ಗಡಿ ಮುಟ್ಟಿಸಲು ಬೇಡದ ಗುಲಾಬ್ ಜಾಮೂನೋ ಇನ್ನೊಂದು ಪಲಾವೋ ಸೇರಿಸಿದರೆ ಉಳಿದ 30 ರೂಪಾಯಿಗೆ ಪ್ರತಿಯಾಗಿ 50 ಹೋಗುತ್ತದೆ.

ಅದೇ ರೀತಿ ಮನೆಯ ಅಡುಗೆಯಲ್ಲಿಯೂ ಒಬ್ಬನಿಗೆ ಹೆಚ್ಚಾಗಿ ತಗಲುವ ಖರ್ಚು ಒಂದಿದೆ, ಅದು ಹಾಳಾಗುವ ತರಕಾರಿಯದು. ನಾಲ್ವರ ಮನೆಯಲ್ಲಿ ಒಂದು ಎಲೆಕೋಸು ಒಂದೇ ಹೊತ್ತಿಗೆ ಮುಗಿಯುತ್ತದೆ, ಒಬ್ಬನಿಗೆ ಅದೇ ಎಲೆಕೋಸು ಮೂರು ದಿನ ತಿಂದರೂ ಉಳಿಯುತ್ತದೆ. ಆ ತಿಂಗಳ ತರಕಾರಿಯ 1,200ರಲ್ಲಿ 200 ರೂಪಾಯಿಯಷ್ಟು ಕಸದ ಬುಟ್ಟಿಗೆ ಹೋಯಿತೆಂದು ನನ್ನ ಅಂದಾಜು. ಹೋದದ್ದರಲ್ಲಿ ಹೆಚ್ಚಿನದು ಕೊತ್ತಂಬರಿ, ಪಾಲಕ್ ಮತ್ತು ಒಡೆದಿಟ್ಟ ಕಾಯಿ. ಒಡೆದ ಕಾಯಿಯ ಹೋಳನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನಗಳಲ್ಲಿ ಮೇಲ್ಮೈ ಲೋಳೆಯಾಗಿ, ಅಂಚು ಕೆಂಪಗಾಗುತ್ತದೆ, ಮತ್ತೆ ಅದು ಬಳಕೆಗೆ ಬಾರದು. ಒಡೆದ ದಿನವೇ ಪೂರ್ತಿ ತುರಿದು, ಒಂದು ಹೊತ್ತಿನ ಚಟ್ನಿಗೆ ಬೇಕಾಗುವಷ್ಟನ್ನು ಪುಟ್ಟ ಪುಟ್ಟ ಕಟ್ಟುಗಳಾಗಿ ಫ್ರೀಜರಿನಲ್ಲಿಟ್ಟಾಗ ಒಂದು ಚೂರೂ ಹಾಳಾಗಲಿಲ್ಲ. ಸೊಪ್ಪನ್ನು ಕೊಂಡ ದಿನ ಅಥವಾ ಮರುದಿನವೇ ಬಳಸಬೇಕು. ಬೀನ್ಸ್, ಕ್ಯಾರೆಟ್, ನವಿಲುಕೋಸು ವಾರ ತಡೆಯುತ್ತವೆ. ಎಲ್ಲಿ ಕೊಳ್ಳುತ್ತೇವೆ ಎಂಬುದಕ್ಕೂ ಬೆಲೆಯಿದೆ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪಿನಲ್ಲಿ ಹಲವು ತರಕಾರಿ ಅರ್ಧ ಕಿಲೋ ಕಟ್ಟಾಗಿಯೇ ಬರುತ್ತದೆ. ತಳ್ಳುಗಾಡಿಯವರಲ್ಲಿ ಅಥವಾ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಎರಡು ಬದನೆಕಾಯಿ, ಒಂದು ಹಿಡಿ ಬೀನ್ಸ್ ಎಂದು ಬೇಕಾದಷ್ಟೇ ಕೊಳ್ಳಬಹುದು. ಒಂಟಿ ಮನೆಗೆ ಹೊಂದುವುದು ಇದೇ.

ಎರಡು ತಿಂಗಳ ನಡುವಿನ ಅಂತರ 7,450 ರೂಪಾಯಿ. ಇದಕ್ಕೆ ಎದುರಾಗಿ ಇಡಬೇಕಾದದ್ದು ಸಮಯ. ಕೊಳ್ಳುವುದು, ಹೆಚ್ಚುವುದು, ಬೇಯಿಸುವುದು, ಪಾತ್ರೆ ತೊಳೆಯುವುದು ಎಲ್ಲ ಸೇರಿ ಅಡುಗೆಗೆ ದಿನಕ್ಕೆ ಹತ್ತಿರಹತ್ತಿರ ಒಂದೂಕಾಲು ಗಂಟೆ ಬೇಕಾಯಿತು. ತರಿಸಿಕೊಳ್ಳುವಾಗ ಕಾಯುವ ಹೊತ್ತು ಬೇರೆ ಕೆಲಸಕ್ಕೆ ಸಿಗುತ್ತದೆ, ಆದರೆ ಏನು ತರಿಸಲಿ ಎಂದು ಪರದೆ ನೋಡುತ್ತಾ ದಿನಕ್ಕೆ ಕಾಲು ಗಂಟೆಯಾದರೂ ಹೋಗುತ್ತದೆ. ನಿವ್ವಳ ವ್ಯತ್ಯಾಸ ತಿಂಗಳಿಗೆ ಸುಮಾರು 30 ಗಂಟೆ, ಅಂದರೆ ಅಡುಗೆ ಮಾಡಿದ ಪ್ರತಿ ಗಂಟೆಗೆ 250 ರೂಪಾಯಿ ಉಳಿದಂತಾಯಿತು. ಇದು ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬುದು ಅವರವರ ದುಡಿಮೆ ಮತ್ತು ಬಿಡುವಿಗೆ ಬಿಟ್ಟದ್ದು.

ಆದರೆ ಈ 250 ಸರಾಸರಿ ಮಾತ್ರ, ಎಲ್ಲ ಊಟಕ್ಕೂ ಅದು ಒಂದೇ ಆಗಿರುವುದಿಲ್ಲ. ಕಿಲೋ ಹಿಟ್ಟಿನಲ್ಲಿ ನನಗೆ ಮೂರು ಬೆಳಗಿನ ದೋಸೆಯಾಗುತ್ತದೆ, ಚಟ್ನಿ ಸೇರಿ ಒಂದು ತಿಂಡಿಗೆ 45 ರೂಪಾಯಿ, ಸಮಯ ಇಪ್ಪತ್ತು ನಿಮಿಷ. ತರಿಸಿದರೆ 130, ಮೇಲಾಗಿ ಮುಚ್ಚಿದ ಡಬ್ಬಿಯೊಳಗಿನ ಹಬೆಗೆ ದೋಸೆ ಮೆತ್ತಗಾಗಿ, ಮಡಚಿದ ಕಡೆ ಅಂಟಿಕೊಂಡು ಬರುತ್ತದೆ. ಬಿಸಿಯಾಗಿ ತವೆಯಿಂದ ತಟ್ಟೆಗೆ ಬಂದ ದೋಸೆಯೊಂದಿಗೆ ಅದನ್ನು ಹೋಲಿಸುವಂತಿಲ್ಲ. ತಿಂಡಿಯ ವಿಷಯದಲ್ಲಿ ಮನೆಯೇ ಗೆದ್ದಿತು.

ರಾತ್ರಿಯ ಅನ್ನ-ಹುಳಿಯದು ಇನ್ನೂ ಕುತೂಹಲದ ಲೆಕ್ಕ. ಒಂದೇ ಹೊತ್ತಿಗೆ ಮಾಡಿದರೆ ಪಾತ್ರೆ ತೊಳೆಯುವುದೂ ಸೇರಿ ಐವತ್ತು ನಿಮಿಷ ಬೇಕು, 45 ರೂಪಾಯಿ ಖರ್ಚು, ಉಳಿಯುವುದು 175. ಅಂದರೆ ಗಂಟೆಗೆ 210, ಸರಾಸರಿಗಿಂತ ಕಡಿಮೆ. ಆದರೆ 100 ಗ್ರಾಂ ತೊಗರಿಬೇಳೆ ಬೇಯಿಸಿ ಎರಡು ಹೊತ್ತಿಗಾಗುವಷ್ಟು ಹುಳಿ ಮಾಡಿ, ಬಿಸಿಯಾರಿದ ತಕ್ಷಣ ಅರ್ಧವನ್ನು ಫ್ರಿಜ್ಜಿಗೆ ಸೇರಿಸಿದರೆ ಮರುರಾತ್ರಿ ಅನ್ನಕ್ಕಿಟ್ಟು ಹುಳಿ ಕುದಿಸುವುದಷ್ಟೇ ಕೆಲಸ. ಕಾಲು ಗಂಟೆಯ ದುಡಿಮೆಗೆ ಅದೇ 175 ರೂಪಾಯಿ ಉಳಿಯುತ್ತದೆ. ನನ್ನ ಮಟ್ಟಿಗೆ ಒಂಟಿ ಅಡುಗೆ ಲಾಭವೋ ನಷ್ಟವೋ ಎಂಬುದು ತೀರ್ಮಾನವಾಗುವುದು ಈ ಎರಡನೇ ಹೊತ್ತಿನಲ್ಲೇ. ಇದಕ್ಕೆ ಎರಡು ಅಥವಾ ಮೂರು ಲೀಟರಿನ ಕುಕ್ಕರ್ ಸರಿಯಾದ ಅಳತೆ, ಐದು ಲೀಟರಿನದರಲ್ಲಿ ಹಿಡಿ ಬೇಳೆ ಬೇಯಿಸಲು ಗ್ಯಾಸೂ ಸಮಯವೂ ಹೆಚ್ಚು. ಎರಡು ದಿನಕ್ಕಿಂತ ಹೆಚ್ಚು ಇಡಲು ನಾನು ಒಪ್ಪುವುದಿಲ್ಲ. ಮೂರನೆಯ ದಿನದ ಹುಳಿ ಕೆಡದಿದ್ದರೂ ಅದನ್ನು ಉಣ್ಣುವ ಮನಸ್ಸು ಬರುವುದಿಲ್ಲ, ಆಗ ಕೈ ಮತ್ತೆ ಆ್ಯಪಿನ ಕಡೆಗೇ ಹೋಗುತ್ತದೆ.

ಮನೆಯ ಅಡುಗೆ ಸೋಲುವ ಜಾಗಗಳೂ ಇವೆ. ಒಬ್ಬನಿಗಾಗಿ ಬಿರಿಯಾನಿ ಮಾಡಲು ಹೊರಟರೆ ಮಾಂಸ, ಮೊಸರು, ಪುದೀನ, ಮಸಾಲೆ ಎಂದು 150 ರೂಪಾಯಿಯೂ ಎರಡು ಗಂಟೆಯೂ ಬೇಕು. 260ಕ್ಕೆ ಬರುವ ಬಿರಿಯಾನಿಯ ಮುಂದೆ ಗಂಟೆಗೆ 55 ರೂಪಾಯಿಯ ಉಳಿತಾಯಕ್ಕೆ ಅರ್ಥವಿಲ್ಲ. ಚಪಾತಿಯೂ ಹಾಗೆಯೇ: ಹಿಟ್ಟು ಕಲಸಿ, ಲಟ್ಟಿಸಿ, ಬೇಯಿಸಿ, ಜೊತೆಗೆ ಪಲ್ಯವನ್ನೂ ಮಾಡಿ ಕಟ್ಟೆ ಒರೆಸುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಆದರೆ ಚಪಾತಿ ಬೇಕಾದ ರಾತ್ರಿಗೆ ಆರ್ಡರ್ ಕೂಡ ಉತ್ತರವಲ್ಲ. ಹಿಂದೆ ಹೇಳಿದ ಬಿಲ್ಲಿನಲ್ಲಿ 239 ಮತ್ತು 130ರ ನಡುವಿನ 109 ರೂಪಾಯಿ ಹೋದದ್ದು ಮನೆಯಿಂದ ಐದಾರು ನಿಮಿಷ ನಡೆದರೆ ಸಿಗುವ ದರ್ಶಿನಿಗಾಗಿ. ಸ್ಟೀಲ್ ಡಬ್ಬಿ ಹಿಡಿದು ಹೋಗಿ ಪಾರ್ಸಲ್ ತಂದರೆ ಪ್ಯಾಕಿಂಗಿನ ಹಣವೂ ಇಲ್ಲ, ಸಾಗು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುವ ಕಿರಿಕಿರಿಯೂ ಇಲ್ಲ.

ಹೊಸದಾಗಿ ಮನೆ ಹೂಡುವವರಿಗೆ ಪಾತ್ರೆ, ಒಲೆ, ಮಿಕ್ಸಿ, ಕುಕ್ಕರ್ ಎಂದು ಮೊದಲಿಗೆ ಆರೇಳು ಸಾವಿರ ಬೇಕಾಗುತ್ತದೆ. ಅದು ನನ್ನ ಲೆಕ್ಕದಲ್ಲಿ ಮೊದಲ ತಿಂಗಳ ಅಂತರದಲ್ಲೇ ಹುಟ್ಟುತ್ತದೆ. ವಿಳಾಸದ ದಾಖಲೆಯಿಲ್ಲದೆ ಗ್ಯಾಸ್ ಸಂಪರ್ಕ ಸಿಗದವರು ಗುರುತಿನ ಚೀಟಿ ತೋರಿಸಿ 5 ಕಿಲೋ ಸಿಲಿಂಡರ್ ಪಡೆಯಬಹುದು, ಕಿಲೋಗೆ ಅದರ ಬೆಲೆ ಹೆಚ್ಚು. ಇಂಡಕ್ಷನ್ ಒಲೆಯಾದರೂ ಒಬ್ಬನ ಅನ್ನ-ಹುಳಿಗೆ ಸಾಕು.

ಈಗ ನಾನು ಎರಡನ್ನೂ ಸೇರಿಸಿಕೊಂಡು ನಡೆಸುತ್ತಿದ್ದೇನೆ. ತಿಂಡಿ ಯಾವಾಗಲೂ ಮನೆಯಲ್ಲಿ. ವಾರದಲ್ಲಿ ನಾಲ್ಕು ರಾತ್ರಿ ಎರಡೆರಡು ಹೊತ್ತಿನ ಹುಳಿಯ ಲೆಕ್ಕದಲ್ಲಿ ಅಡುಗೆ, ಎರಡು ರಾತ್ರಿ ದರ್ಶಿನಿಯ ಪಾರ್ಸಲ್. ವಾರಾಂತ್ಯದ ಒಂದು ಮಧ್ಯಾಹ್ನ ಮತ್ತು ಒಂದು ರಾತ್ರಿ ಮನೆಯಲ್ಲಿ ಮಾಡಲಾಗದಂಥ ಊಟವನ್ನು ತರಿಸಿಕೊಳ್ಳುತ್ತೇನೆ. ಹಾಳಾಗುವ ಸೊಪ್ಪನ್ನೂ ಲೆಕ್ಕಕ್ಕೆ ಹಿಡಿದರೂ ತಿಂಗಳ ಖರ್ಚು 6,000 ರೂಪಾಯಿ ದಾಟುವುದಿಲ್ಲ.