ಪಿಆರ್‌ಪಿನಾ, ಸ್ಟೆಮ್ ಸೆಲ್ಲಾ?

ನಿಮಿರುವಿಕೆಗೆ ಯಾವ ಇಂಜೆಕ್ಷನ್ ಒಳ್ಳೆಯದು ಎಂದು ಸೋಮವಾರಪೇಟೆಯ ಗೆಳೆಯರೊಬ್ಬರು ಕೇಳಿದರು. ಕಾಫಿ ಮಾರಿದ ದುಡ್ಡು ಕೈಯಲ್ಲಿದೆಯಂತೆ.

ಪಿಆರ್‌ಪಿಯಲ್ಲಿ ನಿಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಶಿಶ್ನಕ್ಕೆ ಚುಚ್ಚುತ್ತಾರೆ. 2021ರಲ್ಲಿ ಗ್ರೀಸ್‌ನ 60 ಜನರ ಪರೀಕ್ಷೆಯಲ್ಲಿ ಗುಣ ಕಂಡಿತ್ತು. 2023ರಲ್ಲಿ ಮಯಾಮಿಯಲ್ಲಿ ಸುಮಾರು ಅಷ್ಟೇ ಜನರಿಗೆ ಕೊಟ್ಟಾಗ ಬರೀ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಹೆಚ್ಚೇನೂ ಆಗಲಿಲ್ಲ. ದೊಡ್ಡ ಅಪಾಯವೂ ಕಾಣಲಿಲ್ಲ. ಹೋಗುವುದು ದುಡ್ಡು, ಅಲ್ವಾ?

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಅದರ ಇಂಜೆಕ್ಷನ್‌ಗೆ ಇರುವ ಆಧಾರ ಇನ್ನೂ ತೆಳು. ಹೆಚ್ಚಿನವು ಹೋಲಿಕೆಯ ಗುಂಪೇ ಇಲ್ಲದ ಸಣ್ಣ ಪರೀಕ್ಷೆಗಳು. ಈ ಕೋಶಗಳಿಗಾಗಿ ನಿಮ್ಮ ಕೊಬ್ಬು ಅಥವಾ ಮೂಳೆಮಜ್ಜೆ ತೆಗೆದರೆ ಆ ನೋವು ಬೇರೆ. ಭಾರತದ 2017ರ ಮಾರ್ಗಸೂಚಿಯಂತೆ ಇದು ಪ್ರಯೋಗದಲ್ಲಿ ಮಾತ್ರ ಸರಿ, ಅದಕ್ಕೂ ಹಣ ಕೇಳುವಂತಿಲ್ಲ. ಬಿಲ್ ಕೊಟ್ಟರೆ ಎದ್ದು ಬನ್ನಿ.

ಶುಗರ್, ಬಿಪಿ, ಹೃದಯ ನೋಡಿಸದಿದ್ದರೆ ಮೊದಲು ಅದು. ಮಾತ್ರೆಯಿಂದ ಗುಣ ಕಾಣದವರು ಯೂರಾಲಜಿಸ್ಟ್ ಹತ್ತಿರ ನಿಮಿರುವಿಕೆಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಬಗ್ಗೆ ಕೇಳಲಿ. ನೋಂದಾಯಿತ ಪ್ರಯೋಗ ಸಿಕ್ಕರೆ ಪಿಆರ್‌ಪಿ ಯೋಚಿಸಬಹುದು.